ಹದಿನೇಳು ಸಾವಿರ ಮತ್ತು ಒಂದು ನೋಟ್‌ಬುಕ್: ಮೊದಲ ಗೇಮ್ ಕನ್ಸೋಲ್ ಕೊಂಡ ಕಥೆ, ಕೊಳ್ಳುವ ದಾರಿ

ಬಳ್ಳಾರಿಯಲ್ಲಿ ನನ್ನದೊಂದು ಸಣ್ಣ ರಿಪೇರಿ ಅಂಗಡಿ ಇದೆ. ಟಿವಿ, ಮೊಬೈಲ್ ಜೊತೆಗೆ ಈಚೆಗೆ ಗೇಮ್ ಕನ್ಸೋಲ್‌ಗಳೂ ಬರುತ್ತವೆ. ಅದರಲ್ಲೂ ಹಳೇ ಪ್ಲೇಸ್ಟೇಷನ್ 4, ಅಂದರೆ ಪಿಎಸ್4, ಜಾಸ್ತಿ. ತಂದವರಲ್ಲಿ ಅರ್ಧ ಜನ ಹೇಳುವುದು ಒಂದೇ ಮಾತು: "ಸೆಕೆಂಡ್ ಹ್ಯಾಂಡ್ ತಗೊಂಡೆ ಅಣ್ಣ, ಹದಿನೈದು ದಿನಕ್ಕೇ ಕೈಕೊಡ್ತು." ಹಾಗಾಗಿ 2024ರ ಜೂನ್‌ನಲ್ಲಿ ನಮ್ಮಕ್ಕನ ಮಗ ವೀರು ಬಂದು "ಮಾಮ, ನಾನೂ ಒಂದು ಪ್ಲೇಸ್ಟೇಷನ್ ತಗೋಬೇಕು, ನನ್ನ ದುಡ್ಡಲ್ಲೇ" ಅಂದಾಗ ನಾನು ಬೇಡ ಅನ್ನಲಿಲ್ಲ. ಒಂದು ನೋಟ್‌ಬುಕ್ ಕೊಟ್ಟೆ. ಅವನಿಗೆ ಆಗ ಹದಿನಾರು. ಪಿಯುಸಿ ಮೊದಲ ವರ್ಷ ಆಗಷ್ಟೇ ಶುರುವಾಗಿತ್ತು.

ಹತ್ತು ತಿಂಗಳಲ್ಲಿ ಅವನು ಏನೇನು ಮಾಡಿದ, ಎಲ್ಲಿ ಎಡವಿದ, ಕೊನೆಗೆ ಏನು ಕೊಂಡ ಅಂತ ಹೇಳುತ್ತೇನೆ. ನಿಮ್ಮ ಮನೆಯಲ್ಲೂ ಇಂಥ ಹುಡುಗನೋ ಹುಡುಗಿಯೋ ಇದ್ದರೆ ಇದೇ ವರಸೆಯಲ್ಲಿ ಹೋಗಬಹುದು.

ಮೊದಲ ಹೆಜ್ಜೆ: ಬೆಲೆ ನೋಡುವುದಲ್ಲ, ಬರುವ ದುಡ್ಡು ನೋಡುವುದು

ವೀರು ಶುರು ಮಾಡಿದ್ದೇ ತಪ್ಪು ಕಡೆಯಿಂದ. ಫೋನಿನಲ್ಲಿ ಪಿಎಸ್5 ಬೆಲೆ ನೋಡಿಕೊಂಡು ಬಂದಿದ್ದ. ಆ ವರ್ಷ ಏಪ್ರಿಲ್‌ನಲ್ಲಿ ನಮ್ಮ ದೇಶಕ್ಕೆ ಬಂದ ಪಿಎಸ್5 ಸ್ಲಿಮ್‌ಗೆ ಡಿಸ್ಕ್ ಇರುವುದಾದರೆ 54,990 ರೂಪಾಯಿ, ಡಿಸ್ಕ್ ಇಲ್ಲದ್ದಾದರೆ 44,990. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅದನ್ನೇ ದೊಡ್ಡದಾಗಿ ಬರೆದಿದ್ದ. ನಾನು ಆ ಪುಟ ತಿರುಗಿಸಿ "ಮೊದಲು ತಿಂಗಳಿಗೆ ಎಷ್ಟು ಬರುತ್ತೆ ಅಂತ ಬರಿ" ಅಂದೆ.

ಭಾವನದು ಜೀನ್ಸ್ ಹೊಲಿಗೆ ಕೆಲಸ. ಬಳ್ಳಾರಿಯಲ್ಲಿ ಮನೆಮನೆಯಲ್ಲೂ ಇರುವಂಥದ್ದೇ. ಹೊಲಿದ ಪ್ಯಾಂಟಿನಲ್ಲಿ ಉಳಿದ ದಾರದ ತುದಿ ಕತ್ತರಿಸುವ ಕೆಲಸವನ್ನು ಭಾನುವಾರ ವೀರುಗೆ ಕೊಟ್ಟು, ಪ್ಯಾಂಟಿಗೆ ಎರಡು ರೂಪಾಯಿಯಂತೆ ಕೊಡಲು ಒಪ್ಪಿದರು. ನೂರು ಪ್ಯಾಂಟ್ ಆದರೆ ಇನ್ನೂರು ರೂಪಾಯಿ. ತಿಂಗಳಿಗೆ 800. ಕಾಲೇಜಿಗೆ ಆಟೋ ಬಿಟ್ಟು ಸೈಕಲ್ ಹಿಡಿದರೆ ತಿಂಗಳಿಗೆ ಇನ್ನೊಂದು 600. ಅಲ್ಲಿಗೆ 1,400.

ಈಗ ಭಾಗಾಕಾರ ಮಾಡಿ. 54,990ಕ್ಕೆ ಮೂರು ವರ್ಷಕ್ಕೂ ಮೇಲೆ ಬೇಕು. ಅಷ್ಟರಲ್ಲಿ ಅವನು ಡಿಗ್ರಿ ಎರಡನೇ ವರ್ಷದಲ್ಲಿರುತ್ತಾನೆ. ಹದಿನಾರರ ಹುಡುಗ ಮೂರು ವರ್ಷ ಕಾಯುವುದಿಲ್ಲ. ಆರನೇ ತಿಂಗಳಿಗೆ ಡಬ್ಬಿ ಒಡೆದು ಬೇರೇನೋ ಕೊಳ್ಳುತ್ತಾನೆ. ನಾನು ನೋಡಿದ ಮಟ್ಟಿಗೆ, ಹತ್ತು ಹನ್ನೆರಡು ತಿಂಗಳಲ್ಲಿ ಕೈಗೆ ಸಿಗುವ ಮೊತ್ತವನ್ನೇ ಗುರಿ ಇಟ್ಟುಕೊಳ್ಳಬೇಕು. ಯಾವ ಯಂತ್ರ ಅನ್ನುವುದು ಆಮೇಲೆ. ವೀರು ಬೇಜಾರು ಮಾಡಿಕೊಂಡ. ಆದರೂ ಎರಡನೇ ಪುಟದಲ್ಲಿ "ಮಾರ್ಚ್ ಒಳಗೆ 17,000" ಅಂತ ಬರೆದ.

ದುಡ್ಡು ಸೇರಿದ್ದು ಹೀಗೆ. ಹತ್ತು ತಿಂಗಳ ಭಾನುವಾರಗಳಿಂದ 8,000. ಆಟೋ ಉಳಿಸಿದ್ದು 5,400. ದಸರಾ ರಜೆಯಲ್ಲಿ ಹತ್ತು ದಿನ ಕೂತು ಕತ್ತರಿಸಿದ್ದಕ್ಕೆ 2,000. ದೀಪಾವಳಿಗೆ ಅಜ್ಜಿ ಕೊಟ್ಟದ್ದು 1,000. ಹಳೇ ಫೋನ್ ಮಾರಿ 1,500. ನಡುವೆ ಸೈಕಲ್ಲಿನ ಟೈರು ಟ್ಯೂಬು 500 ನುಂಗಿತು. ಒಟ್ಟು 17,400. ಆಟೋ ಬಿಡಬೇಕಾದರೆ ಸೈಕಲ್ಲಿಗೆ ಖರ್ಚಿದೆ ಅನ್ನುವುದು ಜೂನ್ ತಿಂಗಳ ಲೆಕ್ಕದಲ್ಲಿ ಇರಲೇ ಇಲ್ಲ, ನೋಡಿ.

ಎರಡನೆಯದು: ಡಿಸ್ಕ್ ಇರಬೇಕಾ, ಬೇಡವಾ

ಕನ್ಸೋಲ್ ಆರಿಸುವಾಗ ಎಲ್ಲರೂ ಗ್ರಾಫಿಕ್ಸ್ ಮಾತಾಡುತ್ತಾರೆ. ನನ್ನ ಲೆಕ್ಕದಲ್ಲಿ ನಮ್ಮಂಥ ಊರಿನಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಗೇಮ್ ನಿಮ್ಮ ಮನೆಗೆ ಯಾವ ದಾರಿಯಲ್ಲಿ ಬರುತ್ತದೆ?

ಡಿಸೆಂಬರ್ ಹೊತ್ತಿಗೆ ವೀರು ಮನಸ್ಸು ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಕಡೆ ವಾಲಿತ್ತು. ಅದು 2020ರ ಕೊನೆಗೆ ಬಂದಾಗ ಬೆಲೆ 34,990. ಚಿಕ್ಕದು, ಸದ್ದಿಲ್ಲ, ಹೊಸ ಗೇಮ್‌ಗಳೂ ಓಡುತ್ತವೆ. ಕ್ಲಾಸಿನ ಗೆಳೆಯನೊಬ್ಬನ ಮನೆಯಲ್ಲಿ ನೋಡಿ ಬಂದಿದ್ದ. "ಇನ್ನೊಂದು ವರ್ಷ ಕಾಯ್ತೀನಿ ಮಾಮ" ಅಂದ. ನಾನು ಕೇಳಿದ್ದು, "ಆ ಮನೇಲಿ ಇಂಟರ್‌ನೆಟ್ ಹೆಂಗಿದೆ?" ಫೈಬರ್ ಇದೆ ಅಂದ. ವೀರು ಮನೆಯಲ್ಲಿ ಇರುವುದು ಅವನಪ್ಪನ ಫೋನಿನ 4ಜಿ, ದಿನಕ್ಕೆ 2 ಜಿಬಿ.

ಸೀರೀಸ್ ಎಸ್‌ಗೆ ಡಿಸ್ಕ್ ಹಾಕುವ ಜಾಗವೇ ಇಲ್ಲ. ಪ್ರತಿ ಗೇಮ್ ಡೌನ್‌ಲೋಡ್ ಆಗಲೇಬೇಕು. ಈಗಿನ ದೊಡ್ಡ ಗೇಮ್ ಒಂದಕ್ಕೆ 60 ಜಿಬಿ ಅಂದುಕೊಂಡರೂ, ಆ ಫೋನನ್ನು ಬೇರೆ ಯಾರೂ ಮುಟ್ಟದೆ ಇದ್ದರೆ ಒಂದು ತಿಂಗಳು. ಭಾವ ವಾಟ್ಸಾಪ್‌ನಲ್ಲಿ ಆರ್ಡರ್ ಫೋಟೊ ನೋಡುವುದು ಬೇಡವಾ? 2024ರಲ್ಲಿ ಬಂದ ಪಿಎಸ್5 ಡಿಜಿಟಲ್ ಕಥೆಯೂ ಇದೇ, ಆದರೆ ಅದಕ್ಕೆ ಡಿಸ್ಕ್ ಡ್ರೈವ್ ಬೇರೆಯಾಗಿ ಕೊಂಡು ಸೇರಿಸಬಹುದು. ಸೇರಿಸುವಾಗ ಒಂದು ಸಲ ಇಂಟರ್‌ನೆಟ್ ಬೇಕಾಗುತ್ತದೆ.

ಡಿಸ್ಕಿನ ಇನ್ನೊಂದು ಗುಣ ದುಡ್ಡಿನದು. ಡೌನ್‌ಲೋಡ್ ಮಾಡಿದ ಗೇಮ್ ನಿಮ್ಮ ಅಕೌಂಟಿಗೆ ಅಂಟಿಕೊಂಡಿರುತ್ತದೆ, ಮಾರಲಾಗದು. ಡಿಸ್ಕ್ ಹಾಗಲ್ಲ. ಆಡಿ ಮುಗಿಸಿ ಇನ್ನೊಬ್ಬರಿಗೆ ಕೊಡಬಹುದು, ಸಾಲ ತರಬಹುದು, ಅದಲು ಬದಲು ಮಾಡಬಹುದು. ತಿಂಗಳಿಗೆ 1,400 ಉಳಿಸುವವನಿಗೆ ಇದು ಸಣ್ಣ ವಿಷಯ ಅಲ್ಲ.

ಡಿಸ್ಕ್ ಅಂದ ಮಾತ್ರಕ್ಕೆ ಇಂಟರ್‌ನೆಟ್ ಬೇಡವೇ ಬೇಡ ಅಂತಲ್ಲ. ಪಿಎಸ್4ನಲ್ಲಿ ಡಿಸ್ಕ್ ಹಾಕಿದ ಮೇಲೂ ಗೇಮ್ ಒಳಗಿನ ಹಾರ್ಡ್ ಡಿಸ್ಕ್‌ಗೆ ಕಾಪಿ ಆಗುತ್ತದೆ. ಆಮೇಲೆ ಅಪ್‌ಡೇಟ್ ಕೇಳುತ್ತದೆ. ಒಬ್ಬರೇ ಆಡುವ ಬಹಳಷ್ಟು ಗೇಮ್‌ಗಳು ಅಪ್‌ಡೇಟ್ ಇಲ್ಲದೆಯೂ ನಡೆಯುತ್ತವೆ. ಆನ್‌ಲೈನ್‌ನಲ್ಲೇ ಆಡುವಂಥವು ನಡೆಯುವುದಿಲ್ಲ. ಕೊಳ್ಳುವ ಮುಂಚೆ ಕವರಿನ ಮೇಲಿನ ಸಣ್ಣ ಅಕ್ಷರ ಓದಿ. ಇಂಟರ್‌ನೆಟ್ ಬೇಕೇ ಬೇಕು ಅಂತ ಇದ್ದರೆ ಅಲ್ಲೇ ಬರೆದಿರುತ್ತಾರೆ.

ನಿಂಟೆಂಡೊ ಸ್ವಿಚ್ ಬಗ್ಗೆಯೂ ಒಂದು ದಿನ ಚರ್ಚೆ ಆಯ್ತು. ಕಂಪನಿಯೇ ಇಲ್ಲಿ ಅಧಿಕೃತವಾಗಿ ಮಾರುವುದಿಲ್ಲ, ಹೊರಗಿನಿಂದ ತರಿಸಿ ಮಾರುವವರದ್ದೇ ವ್ಯಾಪಾರ. ಕೆಟ್ಟರೆ ವಾರಂಟಿಗೆ ಓಡಾಡಲು ಜಾಗ ಇಲ್ಲ. ಅಲ್ಲಿಗೆ ಬಿಟ್ಟೆವು.

ಕೊನೆಗೆ ಉಳಿದದ್ದು ಸೆಕೆಂಡ್ ಹ್ಯಾಂಡ್ ಪಿಎಸ್4 ಸ್ಲಿಮ್. 2016ರಲ್ಲಿ ಬಂದ ಮಾದರಿ. ಅದರ ಕೊರತೆ ಮೊದಲೇ ಹೇಳಿಬಿಟ್ಟೆ: ಹೊಸ ದೊಡ್ಡ ಗೇಮ್‌ಗಳಲ್ಲಿ ಹಲವು ಈಗ ಪಿಎಸ್4ಗೆ ಬರುವುದೇ ಇಲ್ಲ, ಜಿಟಿಎ 6 ಕೂಡ ಬರಲ್ಲ. ಆದರೆ ಹತ್ತು ವರ್ಷದ ಹಳೇ ಡಿಸ್ಕ್‌ಗಳು ಕಡಿಮೆ ಬೆಲೆಗೆ ಬಿದ್ದಿವೆ. ಮುಂದೆ ಡಿಸ್ಕ್ ಇರುವ ಪಿಎಸ್5 ಕೊಂಡರೆ ಅದರಲ್ಲೂ ಅವುಗಳಲ್ಲಿ ಬಹುತೇಕ ನಡೆಯುತ್ತವೆ.

ಮೂರನೆಯದು: ಬಿಡಬೇಕಾದ ಯಂತ್ರವನ್ನು ಗುರುತಿಸುವುದು

ಮೊದಲು ನೋಡಿದ್ದು ಹೊಸಪೇಟೆಯಲ್ಲಿ. 14,000ಕ್ಕೆ ಪಿಎಸ್4, ಒಳಗೆ ನಲವತ್ತು ಗೇಮ್. ವೀರು ಕಣ್ಣು ಅರಳಿತ್ತು. ಬಸ್ಸಿನಲ್ಲಿ ಹೋಗುವಾಗಲೇ ಯಾವುದು ಮೊದಲು ಆಡಬೇಕು ಅಂತ ಲೆಕ್ಕ ಹಾಕುತ್ತಿದ್ದ.

ಮಾರುವವರು ಒಳ್ಳೆಯವರೇ, ಚಹಾ ಕೊಟ್ಟರು. ಆಮೇಲೆ ಹೇಳಿದರು, "ಒಂದೇ ಮಾತು, ಇದನ್ನ ಅಪ್‌ಡೇಟ್ ಮಾತ್ರ ಮಾಡಬೇಡಿ." ಇದನ್ನು ಕೇಳಿದ ಕೂಡಲೇ ಎದ್ದು ಬರಬಹುದು. ಆದರೂ ವೀರುಗೆ ತೋರಿಸೋಣ ಅಂತ Settings > System > System Information ತೆರೆದೆ. ಸಾಫ್ಟ್‌ವೇರ್ 11.00 ಇತ್ತು. ಅಂದರೆ ಜೈಲ್‌ಬ್ರೇಕ್ ಮಾಡಿದ ಯಂತ್ರ. ಆ ಆವೃತ್ತಿಯಲ್ಲಿ ಒಂದು ಲೋಪ ಇದೆ, ಅದನ್ನು ಬಳಸಿ ಕಳ್ಳ ಪ್ರತಿಗಳನ್ನು ಓಡಿಸುತ್ತಾರೆ. 9.00 ಆವೃತ್ತಿಯದ್ದೂ ಇದೇ ಕಥೆ. ಅಪ್‌ಡೇಟ್ ಮಾಡಿದರೆ ಆ ನಲವತ್ತು ಗೇಮ್ ಸತ್ತಂತೆ. ಮಾಡದಿದ್ದರೆ ಆನ್‌ಲೈನ್ ಅಕೌಂಟಿಗೆ ಲಾಗಿನ್ ಆಗಲು ಬಿಡುವುದಿಲ್ಲ, ಹೊಸ ಆವೃತ್ತಿ ಕೇಳುವ ಡಿಸ್ಕೂ ಓಡುವುದಿಲ್ಲ. ಕಳ್ಳದಾರಿಯಲ್ಲಿ ಆನ್‌ಲೈನ್ ಹೋದರೆ ಯಂತ್ರವನ್ನೇ ಬ್ಯಾನ್ ಮಾಡುವ ಅಪಾಯ.

ನಲವತ್ತು ಗೇಮ್ ಅನ್ನುವ ಮಾತಿಗೆ ಇನ್ನೊಂದು ಅರ್ಥವೂ ಇರಬಹುದು. ಗೇಮ್‌ಗಳು ಅಸಲಿಯೇ, ಆದರೆ ಮಾರುವವರ ಅಕೌಂಟಿನಲ್ಲಿ ಕೊಂಡವು. ಅವರ ಅಕೌಂಟು ನಿಮ್ಮ ಯಂತ್ರದಲ್ಲಿ ಪ್ರೈಮರಿ ಆಗಿ ಇರುವವರೆಗೆ ಅವು ತೆರೆಯುತ್ತವೆ. ನಾಳೆ ಅವರು ಅದನ್ನು ತೆಗೆದರೆ ಗೇಮ್ ಮೇಲೆ ಬೀಗದ ಗುರುತು ಬೀಳುತ್ತದೆ. ಹೀಗಾಗಿ ಒಳಗಿನ ಗೇಮ್‌ಗಳಿಗೆ ಒಂದು ರೂಪಾಯಿಯೂ ಬೆಲೆ ಕಟ್ಟಬೇಡಿ. ಕೈಗೆ ಕೊಡುವ ಡಿಸ್ಕ್‌ಗೆ ಮಾತ್ರ ಕಟ್ಟಿ.

ವಾಪಸ್ ಬರುವಾಗ ಬಸ್ಸಿನಲ್ಲಿ ವೀರು ತುಟಿ ಬಿಚ್ಚಲಿಲ್ಲ. ತೋರಣಗಲ್ಲು ದಾಟಿದ ಮೇಲೆ "ಅಲ್ಲ ಮಾಮ, ಆನ್‌ಲೈನ್ ಇಲ್ದಿದ್ರೂ ನಲವತ್ತು ಗೇಮ್..." ಅಂತ ಶುರು ಮಾಡಿದ. ನಾನು ಉತ್ತರ ಕೊಡಲಿಲ್ಲ. ಎರಡು ದಿನ ಬಿಟ್ಟು ಅವನೇ "ಬೇಡ" ಅಂದ.

ಫೋನಿನಲ್ಲೇ ಮುಗಿಸಲು ನೋಡುವವರ ಬಗ್ಗೆ ಒಂದು ಸಾಲು. ಅಡ್ವಾನ್ಸ್ ಕೇಳುವವರು, ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿದರೆ ದುಡ್ಡು ವಾಪಸ್ ಬರುತ್ತೆ ಅನ್ನುವವರು, ಎಲ್ಲಾ ಮೋಸ. ದುಡ್ಡು ಪಡೆಯಲು ಯುಪಿಐ ಪಿನ್ ಹಾಕಬೇಕಾಗಿಯೇ ಇಲ್ಲ.

ನಾಲ್ಕನೆಯದು: ಒಂದು ಗಂಟೆಯ ಪರೀಕ್ಷೆ

ಎರಡನೆಯದು ಊರಲ್ಲೇ, ಗಾಂಧಿನಗರದ ಕಡೆ ಸಿಕ್ಕಿತು. 14,500 ಹೇಳಿದರು. ಹೋಗುವಾಗ ಮೂರು ವಸ್ತು ಒಯ್ದೆವು: ಒಂದು ಟಾರ್ಚ್, ನಮ್ಮದೇ ಎಚ್‌ಡಿಎಂಐ ಕೇಬಲ್, ಗೆಳೆಯನಿಂದ ಸಾಲ ತಂದ ಅನ್‌ಚಾರ್ಟೆಡ್ 4 ಡಿಸ್ಕ್. ಒಂದು ಗಂಟೆ ಬೇಕು ಅಂತ ಮೊದಲೇ ಹೇಳಿಟ್ಟಿದ್ದೆವು. ಅದಕ್ಕೆ ಒಪ್ಪದವರ ಬಳಿ ಕೊಳ್ಳುವುದು ಬೇಡ.

ಆನ್ ಮಾಡುವ ಮುಂಚೆ ಹಿಂದೆ ತಿರುಗಿಸಿ ಎಚ್‌ಡಿಎಂಐ ರಂಧ್ರಕ್ಕೆ ಟಾರ್ಚ್ ಬಿಡಿ. ಒಳಗಿನ ಸಣ್ಣ ಪಿನ್‌ಗಳು ಸಾಲಾಗಿ ನೇರವಾಗಿ ಇರಬೇಕು. ನನ್ನ ಟೇಬಲ್ಲಿಗೆ ಬರುವ ಪಿಎಸ್4ಗಳಲ್ಲಿ ಇದೇ ಜಾಸ್ತಿ ಕೆಟ್ಟಿರುವುದು. ಯಾರೋ ಕತ್ತಲಲ್ಲಿ ಕೇಬಲ್ ಉಲ್ಟಾ ತುರುಕಿರುತ್ತಾರೆ. ಆಮೇಲೆ ಗಾಳಿ ಹೊರಬರುವ ಕಿಂಡಿ ನೋಡಿ. ನಮ್ಮೂರಿನ ಕೆಂಪು ಧೂಳು ಅಲ್ಲಿ ಗಟ್ಟಿಯಾಗಿ ಕೂತಿದ್ದರೆ ಒಳಗೂ ಹಾಗೇ ಇದೆ ಅಂತ ಅರ್ಥ. ಧೂಳು ಇದ್ದ ಮಾತ್ರಕ್ಕೆ ಬಿಡಬೇಕಿಲ್ಲ, ಸ್ವಚ್ಛ ಮಾಡಬಹುದು.

ಬಟನ್ ಒತ್ತಿದಾಗ ಒಂದು ಬೀಪ್, ದೀಪ ನೀಲಿಯಾಗಿ ಮಿನುಗಿ ಬಿಳಿಗೆ ತಿರುಗಬೇಕು. ನೀಲಿಯಲ್ಲೇ ಮಿನುಗುತ್ತಾ ನಿಂತು ಪರದೆ ಕಪ್ಪಾಗಿದ್ದರೆ ರಿಪೇರಿ ದೊಡ್ಡದು. ಚಿತ್ರ ಬಂದ ಮೇಲೆ ಎಚ್‌ಡಿಎಂಐ ಕೇಬಲನ್ನು ಬೆರಳಲ್ಲಿ ಮೆಲ್ಲಗೆ ಅಲ್ಲಾಡಿಸಿ. ಚಿತ್ರ ಹೋಗಿ ಬಂದು ಮಾಡಿದರೆ ಬೇಡ ಅನ್ನಿ.

ಈಗ ನಿಮ್ಮ ಡಿಸ್ಕ್ ಹಾಕಿ. ಮಾರುವವರ ಡಿಸ್ಕ್ ಅಲ್ಲ. ಡ್ರೈವ್ ಅದನ್ನು ತಾನಾಗೇ ಒಳಕ್ಕೆ ಎಳೆದುಕೊಳ್ಳಬೇಕು. ಇನ್‌ಸ್ಟಾಲ್ ಪಟ್ಟಿ ನಿಲ್ಲದೆ ಮುಂದಕ್ಕೆ ಓಡಬೇಕು. ಕಟಕಟ ಸದ್ದು ಬಂದು ಪಟ್ಟಿ ಅಲ್ಲೇ ನಿಂತರೆ ಡಿಸ್ಕ್ ಡ್ರೈವೋ ಹಾರ್ಡ್ ಡಿಸ್ಕೋ ಹೋಗಿದೆ. ಹಾರ್ಡ್ ಡಿಸ್ಕ್ ಆದರೆ ಪರವಾಗಿಲ್ಲ, ಲ್ಯಾಪ್‌ಟಾಪಿನ 2.5 ಇಂಚಿನದ್ದೇ ಕೂರುತ್ತದೆ, ಮನೆಯಲ್ಲೇ ಬದಲಾಯಿಸಬಹುದು. ಡಿಸ್ಕ್ ಡ್ರೈವ್ ಹಾಗಲ್ಲ. ಅದರ ಸರ್ಕ್ಯೂಟ್ ಬೋರ್ಡು ಆ ಯಂತ್ರಕ್ಕೇ ಜೋಡಿಯಾಗಿರುತ್ತದೆ. ಬೇರೆಯದರಿಂದ ತೆಗೆದು ಸುಮ್ನೆ ಹಾಕಿದರೆ ಗೇಮ್ ಓದುವುದಿಲ್ಲ. ಹಾಗಾಗಿ ಡ್ರೈವ್ ಮೇಲೆ ಅನುಮಾನ ಬಂದರೆ ಎಷ್ಟೇ ಕಡಿಮೆಗೆ ಕೊಟ್ಟರೂ ಬಿಡಿ.

ಇನ್‌ಸ್ಟಾಲ್ ಆಗಿರುವ ಯಾವುದಾದರೂ ದೊಡ್ಡ ಗೇಮನ್ನು ಅರ್ಧ ಗಂಟೆ ಆಡಿ. ಐದು ನಿಮಿಷದಲ್ಲಿ ಏನೂ ಗೊತ್ತಾಗುವುದಿಲ್ಲ. ಫ್ಯಾನ್ ಸದ್ದು ಮೆಲ್ಲಗೆ ಏರುವುದು ಸಹಜ. ಹತ್ತೇ ನಿಮಿಷಕ್ಕೆ ಮಿಕ್ಸಿ ಹಾಕಿದ ಹಾಗೆ ಕೂಗಿ, ಪರದೆ ಮೇಲೆ ಬಿಸಿ ಜಾಸ್ತಿ ಆಯ್ತು ಅನ್ನುವ ಎಚ್ಚರಿಕೆ ಬಂದರೆ ಚಿಪ್ಪಿನ ಬಿಸಿ ಹೊರಗೆಳೆಯುವ ಥರ್ಮಲ್ ಪೇಸ್ಟ್ ಒಣಗಿದೆ, ಇಲ್ಲವೇ ಧೂಳು ಕಟ್ಟಿದೆ. ನಾವು ನೋಡಿದ್ದು ಮಾರ್ಚ್ ಕೊನೆಯ ಮಧ್ಯಾಹ್ನ, ಬಳ್ಳಾರಿ ಬಿಸಿಲು. ಆ ಸೆಕೆಯಲ್ಲಿ ತಡೆದುಕೊಂಡ ಯಂತ್ರ ಡಿಸೆಂಬರಿನಲ್ಲಿ ನೋಡಿದ್ದಕ್ಕಿಂತ ನಂಬಿಕೆಗೆ ಯೋಗ್ಯ.

ಅರ್ಧ ಗಂಟೆ ಆಡುವಾಗಲೇ ಕಂಟ್ರೋಲರ್ ಪರೀಕ್ಷೆಯೂ ಆಗುತ್ತದೆ. ವೀರು ಕೈಬಿಟ್ಟು ಕೂತಿದ್ದ, ಆದರೂ ಪರದೆಯಲ್ಲಿ ಕ್ಯಾಮೆರಾ ತಾನಾಗೇ ಎಡಕ್ಕೆ ತಿರುಗುತ್ತಿತ್ತು. ಬಲಗಡೆಯ ಸ್ಟಿಕ್ ಸವೆದಿತ್ತು. ಇದಕ್ಕೆ ಡ್ರಿಫ್ಟ್ ಅನ್ನುತ್ತಾರೆ. ಬಿಡಿಭಾಗದ ಬೆಲೆ ಕಡಿಮೆ, ಆದರೆ ಹಳೆಯದನ್ನು ಬೆಸುಗೆ ಬಿಚ್ಚಿ ಹೊಸದು ಕೂರಿಸಬೇಕು. ವೀರು ಅದನ್ನು ಮಾರುವವರಿಗೇ ತೋರಿಸಿದ, ಮಾತು ಎತ್ತರಿಸದೆ. "ಅಣ್ಣ, ಇದು ಹಿಂಗಿದೆ. ಹನ್ನೆರಡೂವರೆಗೆ ಕೊಡ್ತೀರಾ?" ಹಾಗೂ ಹೀಗೂ 13,000ಕ್ಕೆ ನಿಂತಿತು. ದೋಷ ಕಣ್ಣೆದುರು ತೋರಿಸಿ ಕೇಳಿದ ರಿಯಾಯಿತಿಗೆ ಯಾರೂ ಸಿಟ್ಟಾಗುವುದಿಲ್ಲ.

ದುಡ್ಡು ಕೊಡುವ ಮುಂಚಿನ ಕೊನೆಯ ಕೆಲಸ ಬಹಳ ಜನ ಮರೆಯುವಂಥದ್ದು. ಫೋನಿನ ಹಾಟ್‌ಸ್ಪಾಟ್‌ಗೆ ಜೋಡಿಸಿ ಮಾರುವವರ ಕೈಯಲ್ಲೇ ಈ ಎರಡನ್ನೂ ಇದೇ ಸಾಲಿನಲ್ಲಿ ಮಾಡಿಸಿ:

```
Settings > Account Management > Activate as Your Primary PS4 > Deactivate
Settings > Initialization > Initialize PS4 > Quick
```

ಆಮೇಲೆ ನಿಮ್ಮ ಅಕೌಂಟಿನಿಂದ ಲಾಗಿನ್ ಆಗಿ ನೋಡಿ. ಯಂತ್ರ ಬ್ಯಾನ್ ಆಗಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ. ಹಳೇ ಬಿಲ್ಲು ಇದ್ದರೆ ತಗೊಳ್ಳಿ. ಇಲ್ಲದಿದ್ದರೆ ಯಂತ್ರದ ಸೀರಿಯಲ್ ನಂಬರ್ ಬರೆದ ಒಂದು ಚೀಟಿಗೆ ಸಹಿ ಹಾಕಿಸಿಕೊಳ್ಳಿ. ಕಳವಿನ ಮಾಲು ಅಂತ ಆಮೇಲೆ ಯಾರಾದರೂ ಬಂದರೆ ತೋರಿಸಲು ಏನಾದರೂ ಬೇಕಲ್ಲ.

ಅಕೌಂಟ್ ಮಾಡುವಾಗ ವೀರು ಹುಟ್ಟಿದ ವರ್ಷ ಸುಳ್ಳು ಹಾಕಲು ಹೊರಟಿದ್ದ. ತಡೆದೆ. ಹದಿನೆಂಟರೊಳಗಿನವರ ಅಕೌಂಟು ದೊಡ್ಡವರೊಬ್ಬರ ಅಕೌಂಟಿನ ಕೆಳಗೆ ಇರಬೇಕು. ಅಕ್ಕನ ಹೆಸರಲ್ಲಿ ಒಂದು ಮಾಡಿ, ಅದರ ಕೆಳಗೆ ಇವನದು ಸೇರಿಸಿದೆವು. ದೇಶ ಇಂಡಿಯಾ ಅಂತಲೇ ಇರಲಿ, ಆಮೇಲೆ ಬದಲಾಯಿಸಲು ಬರುವುದಿಲ್ಲ.

ಮನೆಗೆ ಬಂದ ಮೇಲೆ

ಅಂಗಡಿಯಲ್ಲಿ ಬಿಚ್ಚಿ ಧೂಳು ತೆಗೆದು, ಪೇಸ್ಟ್ ಹಾಕಿ, ಸ್ಟಿಕ್ ಬದಲಾಯಿಸಿ ಕೊಟ್ಟೆ. ಕೂಲಿ ಇಲ್ಲ, ಮಾಮ ಅಲ್ವಾ. ಎರಡು ಹಳೇ ಡಿಸ್ಕ್ 1,600ಕ್ಕೆ ಬಂತು. ಉಳಿದ 2,800 ಮುಟ್ಟಬೇಡ ಅಂದೆ. ಹಾರ್ಡ್ ಡಿಸ್ಕೋ ಕಂಟ್ರೋಲರೋ ಕೆಟ್ಟರೆ ಅದು ಬೇಕು.

ಏಪ್ರಿಲ್‌ನಲ್ಲಿ ಒಂದು ರಾತ್ರಿ ಫೋನ್ ಬಂತು. "ಮಾಮ, ಕರೆಂಟ್ ಹೋಗಿ ಬಂತು. ಈಗ ಆನ್ ಆಗ್ತಿದೆ, ಆದ್ರೆ ಗೇಮ್ ತೆರೀತಿಲ್ಲ." ಹಾರ್ಡ್ ಡಿಸ್ಕ್ ಬರೆಯುತ್ತಿರುವಾಗ ಕರೆಂಟ್ ಕಡಿದರೆ ಹೀಗಾಗುವುದುಂಟು. ಯಂತ್ರ ಆಫ್ ಮಾಡಿಸಿ, ಪವರ್ ಬಟನನ್ನು ಎರಡನೇ ಬೀಪ್ ಬರುವವರೆಗೆ, ಅಂದರೆ ಸುಮಾರು ಏಳು ಸೆಕೆಂಡು, ಒತ್ತಿ ಹಿಡಿಯಲು ಹೇಳಿದೆ. ಕಂಟ್ರೋಲರನ್ನು ಯುಎಸ್‌ಬಿ ತಂತಿಯಲ್ಲಿ ಜೋಡಿಸಬೇಕು, ಇಲ್ಲದಿದ್ದರೆ ಅಲ್ಲಿ ಕೆಲಸ ಮಾಡುವುದಿಲ್ಲ. ಬರುವ ಪಟ್ಟಿಯಲ್ಲಿ ಐದನೆಯದು Rebuild Database. ಅದು ಗೇಮ್ ಅಳಿಸುವುದಿಲ್ಲ. ಆರು, ಏಳನೆಯದನ್ನು ಒತ್ತಿದರೆ ಎಲ್ಲಾ ಅಳಿಸಿಹೋಗುತ್ತದೆ. "ಐದು, ಐದು, ಐದು" ಅಂತ ಮೂರು ಸಲ ಹೇಳಿದೆ. ಅರ್ಧ ಗಂಟೆಗೆ ಸರಿಯಾಯಿತು.

ಮರುದಿನ ಟಿವಿ ಮತ್ತು ಪಿಎಸ್4 ಎರಡನ್ನೂ ಮನೆಯ ಇನ್ವರ್ಟರ್ ಲೈನಿಗೆ ಹಾಕಿಸಿದೆ. ಸ್ಲಿಮ್ ಆಡುವಾಗ ಎಳೆಯುವುದು ನೂರು ವ್ಯಾಟಿನ ಒಳಗೇ, ಒಂದು ಫ್ಯಾನಿಗಿಂತ ಸ್ವಲ್ಪ ಮೇಲೆ. ಪಿಎಸ್5 ಆಗಿದ್ದರೆ ಇನ್ನೂರರ ಹತ್ತಿರ. ಇನ್ವರ್ಟರ್ ಸೈನ್ ವೇವ್ ಆಗಿರಲಿ. ಆಟ ಮುಗಿದ ಮೇಲೆ ಕಿತ್ತಳೆ ದೀಪದ ರೆಸ್ಟ್ ಮೋಡಿನಲ್ಲಿ ಬಿಡುವ ಬದಲು ಪೂರ್ತಿ ಆಫ್ ಮಾಡಲಿ.

ಜೂನ್‌ನಲ್ಲಿ ವೀರು ಮೊದಲ ಡಿಸ್ಕ್ ಮುಗಿಸಿ ಮಾರಿದ. 800ಕ್ಕೆ ತಂದದ್ದು 700ಕ್ಕೆ ಹೋಯಿತು. ಕೊಳ್ಳಲು ಬಂದವನು ಸಿರುಗುಪ್ಪದ ಹುಡುಗ, ಇವನಿಗಿಂತ ಚಿಕ್ಕವನು. ವ್ಯಾಪಾರ ನನ್ನ ಅಂಗಡಿಯಲ್ಲೇ. ಹುಡುಗ ದುಡ್ಡು ತೆಗೆದು ಕೊಡಲು ಹೋದ. ವೀರು ತಗೊಳ್ಳಲಿಲ್ಲ. ಡಿಸ್ಕನ್ನು ಟ್ಯೂಬ್‌ಲೈಟಿಗೆ ಓರೆಯಾಗಿ ಹಿಡಿದು "ಮೊದಲು ಗೀರು ನೋಡ್ಕೋ" ಅಂದ.